ಏರದ ಅಮಲು: ರಕ್ತದಲ್ಲಿ ಮದ್ಯಸಾರ 238 ಇದ್ದೂ ತೊದಲದ ಒಬ್ಬರ ಪ್ರಕರಣ

ಹಿನ್ನೆಲೆ

ಈ ರೋಗಿ ನಮ್ಮ ವಿಭಾಗಕ್ಕೆ ಬಂದಾಗ ಅವರಿಗೆ 47 ವರ್ಷ. ಲೆಕ್ಕಪತ್ರದ ಕೆಲಸ, ತೂಕ 72 ಕಿಲೋ, ಹೆಂಡತಿ ಮತ್ತು ಕಾಲೇಜು ಮುಗಿಸಿದ ಒಬ್ಬ ಮಗ. ಗುರುತು ಸಿಗದಂತೆ ವೈಯಕ್ತಿಕ ವಿವರಗಳನ್ನು ಬದಲಾಯಿಸಿದ್ದೇನೆ. ಕುಡಿತದ ಪ್ರಮಾಣ, ಗಂಟೆಗಳು ಮತ್ತು ರಕ್ತಪರೀಕ್ಷೆಯ ಅಂಕಿಗಳನ್ನು ಮಾತ್ರ ಹಾಗೆಯೇ ಉಳಿಸಿಕೊಂಡಿದ್ದೇನೆ. ಅವಿಲ್ಲದೆ ಈ ಪ್ರಕರಣ ಅರ್ಥವಾಗುವುದಿಲ್ಲ.

ಅವರ ಕುಡಿತದ ಚರಿತ್ರೆಯನ್ನು ನಿಖರವಾಗಿ ಹೇಳಿದವರು ಹೆಂಡತಿ. ಎಷ್ಟು ಪೆಗ್ ಎಂಬುದು ಆಕೆಗೆ ಗೊತ್ತಿರಲಿಲ್ಲ, ಆದರೆ ಬಾಟಲಿ ಎಷ್ಟು ದಿನಕ್ಕೆ ಖಾಲಿಯಾಗುತ್ತಿತ್ತು ಎಂಬುದು ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ ವಾರಕ್ಕೊಮ್ಮೆ 60 ಮಿಲಿ ವಿಸ್ಕಿ, ಅಷ್ಟಕ್ಕೇ ಮುಖ ಅರಳುತ್ತಿತ್ತು, ಮಾತು ಹೆಚ್ಚಾಗುತ್ತಿತ್ತು. ಮೂವತ್ತಮೂರರ ಹೊತ್ತಿಗೆ ದಿನವೂ ಕುಡಿಯುವ ರೂಢಿ. 750 ಮಿಲಿಯ ಬಾಟಲಿ ಎಂಟು ದಿನ ಬರುತ್ತಿತ್ತು. ಮೂವತ್ತೆಂಟಕ್ಕೆ ಅದೇ ಬಾಟಲಿ ನಾಲ್ಕು ದಿನ. ಕೊನೆಯ ಎರಡು ವರ್ಷಗಳಲ್ಲಿ ಎರಡೇ ದಿನ. ಅಂದರೆ ದಿನಕ್ಕೆ ಹತ್ತಿರ ಹತ್ತಿರ 360 ಮಿಲಿ. ಇಂಥ ಮದ್ಯದ 30 ಮಿಲಿಯಲ್ಲಿ ಸುಮಾರು 10 ಗ್ರಾಂ ಶುದ್ಧ ಮದ್ಯಸಾರ ಇರುತ್ತದೆ. ಹಾಗಾಗಿ ಅವರು ದಿನಕ್ಕೆ 120 ಗ್ರಾಂ ಕುಡಿಯುತ್ತಿದ್ದರು.

ಇಷ್ಟಾಗಿಯೂ ಮನೆಯಲ್ಲಿ ಯಾರೂ ಅವರನ್ನು ಕುಡುಕ ಎಂದು ಕರೆದಿರಲಿಲ್ಲ. ತೂರಾಡಿದವರಲ್ಲ, ಬೈದವರಲ್ಲ, ಕೆಲಸ ತಪ್ಪಿಸಿದವರಲ್ಲ. ಗೆಳೆಯರ ಕೂಟದಲ್ಲಿ ಉಳಿದವರನ್ನು ಮನೆ ಮುಟ್ಟಿಸುವ ಹೊಣೆ ಯಾವಾಗಲೂ ಇವರದೇ. “ಇವರಿಗೆ ಏರುವುದೇ ಇಲ್ಲ ಡಾಕ್ಟರೇ, ಇವರ ತಂದೆಯೂ ಹಾಗೇ ಇದ್ದರು” ಎಂದು ಹೆಂಡತಿ ಹೇಳಿದರು. ಆ ದನಿಯಲ್ಲಿ ದೂರಿಗಿಂತ ಸಮಾಧಾನವೇ ಹೆಚ್ಚಿತ್ತು.

ನಾನು ಎಡವಿದ ಭೇಟಿ

ಆಸ್ಪತ್ರೆಗೆ ದಾಖಲಾಗುವ ಆರು ತಿಂಗಳ ಮೊದಲು ಅವರು ಒಮ್ಮೆ ನನ್ನ ಬಳಿ ಬಂದಿದ್ದರು. ಆಗ ಹೇಳಿದ ತೊಂದರೆ ನಿದ್ರೆಯದು. ಮಲಗಿದ ಕೂಡಲೇ ನಿದ್ರೆ ಬರುತ್ತದೆ, ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರವಾಗುತ್ತದೆ, ಮೈ ಬೆವರಿರುತ್ತದೆ, ಎದೆ ಡವಡವ ಎನ್ನುತ್ತದೆ. ರಕ್ತದೊತ್ತಡ 150/96 ಇತ್ತು. ಕುಡಿಯುತ್ತೀರಾ ಎಂದು ಕೇಳಿದೆ. “ಸ್ವಲ್ಪ, ಆದರೆ ಅದರಿಂದ ನನಗೆ ಏನೂ ಆಗುವುದಿಲ್ಲ” ಎಂದರು. ನಾನು ‘ಸ್ವಲ್ಪ’ ಎಂದು ಬರೆದುಕೊಂಡು ರಕ್ತದೊತ್ತಡದ ಮಾತ್ರೆ ಕೊಟ್ಟು ಕಳುಹಿಸಿದೆ.

ಆ ವಾಕ್ಯದಲ್ಲಿ ನಾನು ಹಿಡಿಯಬೇಕಾಗಿದ್ದುದು ಎರಡನೆಯ ಭಾಗವನ್ನು. ಸ್ವಲ್ಪ ಕುಡಿಯುವವನಿಗೆ ಸ್ವಲ್ಪವಾದರೂ ಏನಾದರೂ ಆಗಬೇಕು. ಏನೂ ಆಗುವುದಿಲ್ಲ ಎಂದರೆ ಕುಡಿಯುವುದು ಸ್ವಲ್ಪವಲ್ಲ ಎಂದರ್ಥ. “ಎಷ್ಟು ಕುಡಿಯುತ್ತೀರಿ” ಎಂಬ ಪ್ರಶ್ನೆಗೆ ಜನ ಸಂಕೋಚದಿಂದ ಕಡಿಮೆ ಹೇಳುತ್ತಾರೆ. “ಮೊದಲ ಅಮಲು ಗೊತ್ತಾಗಬೇಕಾದರೆ ಎಷ್ಟು ಬೇಕಾಗುತ್ತದೆ” ಎಂದು ಕೇಳಿದರೆ ಅದೇ ಜನ ನೇರವಾಗಿ ಉತ್ತರಿಸುತ್ತಾರೆ, ಕೆಲವರಂತೂ ಹೆಮ್ಮೆಯಿಂದ. ಆ ದಿನ ನಾನು ಆ ಪ್ರಶ್ನೆ ಕೇಳಲಿಲ್ಲ. ಬೆಳಗಿನ ಜಾವದ ಬೆವರೂ ಎದೆಬಡಿತವೂ ಏನೆಂಬುದು ನನಗೆ ಹೊಳೆದದ್ದು ಆರು ತಿಂಗಳ ನಂತರ.

ಅವರೇ ಮಾಡಿದ ಪ್ರಯತ್ನಗಳು

ನಡುವೆ ಕಚೇರಿಯ ಆರೋಗ್ಯ ತಪಾಸಣೆಯಲ್ಲಿ ಯಕೃತ್ತಿನ ಕಿಣ್ವಗಳು ಹೆಚ್ಚಿವೆ ಎಂದು ಬಂತು. ಹೆದರಿದ ಅವರು ಮೊದಲು ವಿಸ್ಕಿ ಬಿಟ್ಟು ಬಿಯರ್‌ಗೆ ಬಂದರು. ದಿನಕ್ಕೆ ‘ಮೂರೇ’ ಬಾಟಲಿ, 650 ಮಿಲಿಯದು, ಶೇ. 8ರ ಸ್ಟ್ರಾಂಗ್ ಬಿಯರ್. ಲೆಕ್ಕ ಹಾಕಿ ನೋಡಿದರೆ ಒಂದೊಂದು ಬಾಟಲಿಯಲ್ಲಿ 41 ಗ್ರಾಂ ಮದ್ಯಸಾರ, ಮೂರಕ್ಕೆ 123. ಹಿಂದಿನ ವಿಸ್ಕಿಗಿಂತ ಮೂರು ಗ್ರಾಂ ಹೆಚ್ಚೇ. ಅವರು ಯಾವ ಲೆಕ್ಕವನ್ನೂ ಮಾಡಿರಲಿಲ್ಲ. ಎಷ್ಟಕ್ಕೆ ‘ಸಾಕು’ ಎನಿಸಿತೋ ಅಲ್ಲಿಗೆ ನಿಲ್ಲಿಸುತ್ತಿದ್ದರು. ಆ ‘ಸಾಕು’ ಮತ್ತೆ ಅದೇ ಅಂಕಿಗೇ ಬಂದು ನಿಂತದ್ದನ್ನು ನಂತರ ತೋರಿಸಿದಾಗ ಅವರೇ ಬಹಳ ಹೊತ್ತು ಆ ಹಾಳೆಯನ್ನು ನೋಡುತ್ತಾ ಕುಳಿತಿದ್ದರು.

ಎರಡನೆಯ ಪ್ರಯತ್ನ ಪೂರ್ತಿ ಬಿಡುವುದು. ಒಂದು ದಿನ ಬಿಟ್ಟರು. ರಾತ್ರಿಯಿಡೀ ನಿದ್ರೆಯಿಲ್ಲ. ಎರಡನೆಯ ದಿನ ಕಚೇರಿಯಲ್ಲಿ ಒಂದು ಕಾಗದಕ್ಕೆ ಸಹಿ ಹಾಕಲು ಹೋದರೆ ಪೆನ್ನು ಗೆರೆ ಬಿಟ್ಟು ಹಾರಿತು. ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಹಾಕಿದ ಸಹಿ ತನ್ನದೆಂದು ತನಗೇ ಗುರುತು ಸಿಗಲಿಲ್ಲ ಎಂದರು. ಮೂರನೆಯ ಬೆಳಿಗ್ಗೆ, ಜೀವನದಲ್ಲಿ ಮೊದಲ ಬಾರಿಗೆ, ಮುಖ ತೊಳೆಯುವ ಮೊದಲೇ 60 ಮಿಲಿ ಕುಡಿದರು. ಇಪ್ಪತ್ತು ನಿಮಿಷದಲ್ಲಿ ಕೈ ಕಲ್ಲಿನ ಹಾಗೆ ಸ್ಥಿರವಾಯಿತು.

ಇದರಿಂದ ಅವರು ತೆಗೆದ ತೀರ್ಮಾನ, ಕುಡಿದರೆ ತಾನು ಚೆನ್ನಾಗಿರುತ್ತೇನೆ, ಬಿಟ್ಟರೆ ಕಾಯಿಲೆ ಬೀಳುತ್ತೇನೆ ಎಂಬುದು. ಕಣ್ಣಿಗೆ ಕಂಡದ್ದು ನಿಜವೇ, ಅರ್ಥ ಮಾತ್ರ ತಲೆಕೆಳಗು. ಹಾಗೆ ಒಮ್ಮೆಲೇ ಬಿಟ್ಟ ಆ ಎರಡು ದಿನ ಅವರಿಗೆ ಫಿಟ್ಸ್ ಬರದೇ ಹೋದದ್ದು ಅದೃಷ್ಟ. ದಿನವೂ ಇಷ್ಟು ಕುಡಿಯುವವರು ಮನೆಯಲ್ಲೇ ಏಕಾಏಕಿ ನಿಲ್ಲಿಸುವುದು ಜೀವಕ್ಕೇ ಅಪಾಯ ತರಬಹುದು. ನಿಲ್ಲಿಸುವುದು ವೈದ್ಯರ ಕಣ್ಣಳತೆಯಲ್ಲಿ ಆಗಬೇಕು.

ಬಿದ್ದ ರಾತ್ರಿ

ಅವರು ದಾಖಲಾದದ್ದು ಕುಡಿತಕ್ಕಾಗಿ ಅಲ್ಲ, ಮೆಟ್ಟಿಲಿನಿಂದ ಜಾರಿ ಮುಂಗೈ ಸೀಳಿಕೊಂಡದ್ದಕ್ಕೆ. ರಾತ್ರಿ ಹನ್ನೊಂದು ಗಂಟೆ. ತುರ್ತು ವಿಭಾಗದಲ್ಲಿದ್ದ ಕಿರಿಯ ವೈದ್ಯೆ ಏಳು ಹೊಲಿಗೆ ಹಾಕಿದರು. ಆ ಹೊತ್ತಿನಲ್ಲಿ ರೋಗಿ ತಮ್ಮ ಹತ್ತು ಅಂಕಿಯ ಫೋನ್ ನಂಬರ್ ಹೇಳಿದರು, ರಕ್ತದೊತ್ತಡದ ಮಾತ್ರೆಯ ಹೆಸರು ಹೇಳಿದರು, ವೈದ್ಯೆಯ ಊಟ ಆಯಿತೇ ಎಂದೂ ವಿಚಾರಿಸಿದರು. ನಾಲಿಗೆ ತೊದಲಲಿಲ್ಲ, ಕಣ್ಣು ತೇಲಲಿಲ್ಲ. ವಾಸನೆ ಇದ್ದುದರಿಂದ ಕಳುಹಿಸಿದ ರಕ್ತಪರೀಕ್ಷೆಯಲ್ಲಿ 100 ಮಿಲಿ ರಕ್ತಕ್ಕೆ 238 ಮಿಲಿಗ್ರಾಂ ಮದ್ಯಸಾರ ಎಂದು ಬಂತು. ಮಾದರಿ ಅದಲುಬದಲಾಗಿದೆ ಎಂದುಕೊಂಡು ವೈದ್ಯೆ ಇನ್ನೊಮ್ಮೆ ಕಳುಹಿಸಿದರು. ಮತ್ತೆ ಅದೇ ಆಸುಪಾಸು.

ಹೋಲಿಕೆಗೆ ಹೇಳುವುದಾದರೆ, ಹಲವು ದೇಶಗಳಲ್ಲಿ ವಾಹನ ಓಡಿಸುವವರಿಗೆ ಇರುವ ಮಿತಿ 50 ಅಥವಾ 80. ಎಂದೋ ಒಮ್ಮೆ ಕುಡಿಯುವ ವ್ಯಕ್ತಿ 238ರಲ್ಲಿ ಯಾರಾದರೂ ಹಿಡಿದುಕೊಳ್ಳದೆ ನಿಲ್ಲುವುದೇ ಕಷ್ಟ. 300 ದಾಟಿದರೆ ಪ್ರಜ್ಞೆ ತಪ್ಪಬಹುದು, 400ರ ಹೊತ್ತಿಗೆ ಉಸಿರೇ ನಿಲ್ಲಬಹುದು.

ಇಲ್ಲಿ ಪ್ರಕರಣದ ಮೊದಲ ತಿರುವು. ಮನೆಯವರು ಕರೆದುಕೊಂಡು ಹೋಗುತ್ತೇವೆ ಎಂದರು. ಹೊಲಿಗೆ ಆಗಿದೆ, ಮನುಷ್ಯ ಸರಿಯಾಗಿ ಮಾತನಾಡುತ್ತಿದ್ದಾರೆ, ಇನ್ನೇನು? ಕಿರಿಯ ವೈದ್ಯೆ ನನಗೆ ಫೋನ್ ಮಾಡಿದಾಗ ಕೇಳಿದ್ದು ಒಂದೇ ಪ್ರಶ್ನೆ: “ಸರ್, ಇವರು ತೂರಾಡುತ್ತಿದ್ದರೆ ನಾನೇ ಇಟ್ಟುಕೊಳ್ಳುತ್ತಿದ್ದೆ. ಇಷ್ಟು ಚೆನ್ನಾಗಿರುವವರನ್ನು ಏನೆಂದು ಇಟ್ಟುಕೊಳ್ಳಲಿ?” ಅಷ್ಟು ಚೆನ್ನಾಗಿರುವುದಕ್ಕೇ ಇಟ್ಟುಕೊಳ್ಳಿ ಎಂದೆ. ಅದೇ ಅಂಕಿಯಲ್ಲಿ ತೂರಾಡುತ್ತಿದ್ದವರು ಬೆಳಿಗ್ಗೆ ತಲೆನೋವಿನೊಂದಿಗೆ ಎದ್ದು ಮನೆಗೆ ಹೋಗುತ್ತಾರೆ. ಇವರಿಗೆ ಬೆಳಿಗ್ಗೆಯಿಂದಲೇ ಕಾಯಿಲೆ ಶುರು.

ಬೆಳಗಿನ ಜಾವ ಐದಕ್ಕೆ ನರ್ಸ್ ಕರೆದರು. ಕೈ ನಡುಗುತ್ತಿತ್ತು, ಅಂಗಿ ಬೆನ್ನಿಗೆ ಅಂಟಿತ್ತು, ನಾಡಿ 118. ಆ ಹೊತ್ತಿನಲ್ಲಿ ತೆಗೆದ ರಕ್ತದಲ್ಲಿ ಮದ್ಯಸಾರ ಇನ್ನೂ 88 ಇತ್ತು. ಬೇರೆಯವರಾಗಿದ್ದರೆ ಈ ಅಂಕಿಯಲ್ಲಿ ಇನ್ನೂ ಅಮಲಿನಲ್ಲೇ ನಗುತ್ತಿರುತ್ತಿದ್ದರು. ಇವರಿಗೆ ಮದ್ಯ ಸಾಲದೆ ಮೈ ಕಂಪಿಸುತ್ತಿತ್ತು. ಆರು ತಿಂಗಳ ಹಿಂದೆ ನನ್ನ ಮುಂದೆ ಕುಳಿತು ಹೇಳಿದ ‘ಮೂರು ಗಂಟೆಯ ಎಚ್ಚರ’ ಇದೇ ಎಂದು ಆಗ ಅರ್ಥವಾಯಿತು. ಪ್ರತಿ ರಾತ್ರಿ ಮಲಗಿದ್ದಲ್ಲೇ ಮಟ್ಟ ಇಳಿಯುತ್ತಿತ್ತು, ಪ್ರತಿ ರಾತ್ರಿ ಸಣ್ಣ ಪ್ರಮಾಣದಲ್ಲಿ ಈ ಕಾಯಿಲೆ ಬಂದು ಹೋಗುತ್ತಿತ್ತು.

ಒಳಗೆ ಆದದ್ದೇನು

“ಯಕೃತ್ತು ಗಟ್ಟಿ, ಬೇಗ ಅರಗಿಸುತ್ತದೆ” ಎಂಬುದು ಇಂಥವರ ಬಗ್ಗೆ ಎಲ್ಲರೂ ಕೊಡುವ ವಿವರಣೆ. ಅದರಲ್ಲಿ ಸತ್ಯ ಎಷ್ಟು ಎಂಬುದನ್ನು ಇವರ ಅಂಕಿಗಳಿಂದಲೇ ನೋಡಬಹುದು. ರಾತ್ರಿ ಹನ್ನೊಂದರಿಂದ ಐದರವರೆಗೆ ಆರು ಗಂಟೆಯಲ್ಲಿ 238ರಿಂದ 88ಕ್ಕೆ ಇಳಿಯಿತು. ಗಂಟೆಗೆ 25. ಸಾಮಾನ್ಯರಲ್ಲಿ ಇದು 15ರಿಂದ 20. ನಿತ್ಯ ಕುಡಿಯುವವರ ಯಕೃತ್ತು ಮದ್ಯವನ್ನು ಒಡೆಯಲು ಇನ್ನೊಂದು ಕಿಣ್ವ ವ್ಯವಸ್ಥೆಯನ್ನೂ ದುಡಿಮೆಗೆ ಹಚ್ಚುತ್ತದೆ, ನಿಜ. ಆದರೆ ಆ ಸಂಜೆ ನಾಲ್ಕು ಗಂಟೆಯ ಅವಧಿಯಲ್ಲಿ ಅವರು ಸುಮಾರು 480 ಮಿಲಿ ಕುಡಿದಿದ್ದರು. ಗಂಟೆಗೆ ಏಳೆಂಟು ಮಿಲಿಗ್ರಾಂ ಹೆಚ್ಚು ಒಡೆದರೆ ನಾಲ್ಕು ಗಂಟೆಯಲ್ಲಿ ಉಳಿತಾಯ ಮೂವತ್ತು. ಅಂದರೆ ಬೇರೆಯವರಿಗೆ 270 ಆಗುವಲ್ಲಿ ಇವರಿಗೆ 240 ಆಯಿತು, ಅಷ್ಟೇ. ಆ 240ರಲ್ಲಿ ನೆಟ್ಟಗೆ ಕುಳಿತು ಫೋನ್ ನಂಬರ್ ಹೇಳಿದ್ದು ಯಕೃತ್ತಿನ ಕೆಲಸವಲ್ಲ, ಮಿದುಳಿನದು.

ಮದ್ಯ ಮಿದುಳಿನಲ್ಲಿ ಗಾಬಾ ಎಂಬ ಶಮನಕಾರಿ ವ್ಯವಸ್ಥೆಯನ್ನು ಬಲಪಡಿಸುತ್ತದೆ, ಗ್ಲುಟಮೇಟ್ ಎಂಬ ಉತ್ತೇಜಕ ವ್ಯವಸ್ಥೆಯನ್ನು ಅಡಗಿಸುತ್ತದೆ. ದಿನವೂ ಯಾರೋ ಬ್ರೇಕ್ ಒತ್ತುತ್ತಿದ್ದರೆ ಗಾಡಿ ಓಡಿಸಲು ಒಂದೇ ದಾರಿ, ಬ್ರೇಕನ್ನು ಸಡಿಲಿಸಿ ಆಕ್ಸಿಲರೇಟರ್ ಒತ್ತುವುದು. ಮಿದುಳು ವರ್ಷಗಟ್ಟಲೆ ಮಾಡಿದ್ದು ಅದನ್ನೇ. ಗಾಬಾದ ಸಂಕೇತ ಹಿಡಿಯುವ ಗ್ರಾಹಕಗಳು ಮಂದವಾದವು, ಗ್ಲುಟಮೇಟಿನವು ಹೆಚ್ಚಿದವು. ಕುಡಿದಾಗ ಎರಡೂ ಸರಿದೂಗಿ ಮನುಷ್ಯ ‘ಸಹಜ’ವಾಗಿ ಕಾಣುತ್ತಾನೆ. ಕುಡಿಯದಿದ್ದಾಗ ಒತ್ತಿದ ಆಕ್ಸಿಲರೇಟರ್ ಮಾತ್ರ ಉಳಿಯುತ್ತದೆ. ನಡುಕ, ಬೆವರು, ಎದೆಬಡಿತ, ಅದಕ್ಕೂ ಮೀರಿದರೆ ಫಿಟ್ಸ್, ಸನ್ನಿ. ಏರದಿರುವುದೂ ಬಿಟ್ಟಾಗ ನಡುಗುವುದೂ ಎರಡು ಸಂಗತಿಗಳಲ್ಲ. ಒಂದೇ ಬದಲಾವಣೆಯನ್ನು ರಾತ್ರಿ ನೋಡಿದರೆ ಒಂದು, ಬೆಳಿಗ್ಗೆ ನೋಡಿದರೆ ಇನ್ನೊಂದು.

ಇನ್ನೊಂದು ವಿಷಯ ಹೆಂಡತಿಯ ಮಾತಿನಿಂದ ಗೊತ್ತಾಯಿತು. ಸಾಮಾನ್ಯವಾಗಿ ಅವರು ಕುಡಿಯುತ್ತಿದ್ದುದು ಮನೆಯಲ್ಲಿ, ಅದೇ ಕುರ್ಚಿಯಲ್ಲಿ, ಅದೇ ಹೊತ್ತಿಗೆ. ಬಿದ್ದ ರಾತ್ರಿ ಕುಡಿದದ್ದು ಬೇರೊಬ್ಬರ ಮನೆಯ ಮಹಡಿಯಲ್ಲಿ. ದೇಹ ಮದ್ಯಕ್ಕೆ ಒಗ್ಗಿ ಅಮಲು ಏರದಂತಾಗುವ ಈ ತಾಳಿಕೆಯ ಒಂದು ಪಾಲು ಕಲಿತದ್ದು. ಪರಿಚಿತ ಜಾಗ, ಪರಿಚಿತ ಲೋಟ ಕಂಡ ಕೂಡಲೇ ದೇಹ ಮದ್ಯವನ್ನು ಎದುರಿಸಲು ಮೊದಲೇ ಸಜ್ಜಾಗುತ್ತದೆ. ಜಾಗ ಬದಲಾದರೆ ಆ ಸಜ್ಜು ಪೂರ್ತಿಯಾಗುವುದಿಲ್ಲ. ಅಂದು ಸ್ವಲ್ಪ ಹೆಚ್ಚೂ ಕುಡಿದಿದ್ದರು, ಹಾಗಾಗಿ ಬಿದ್ದದ್ದಕ್ಕೆ ಇದೊಂದೇ ಕಾರಣ ಎನ್ನಲಾರೆ. ಆದರೆ ತನಗೆ ಏರುವುದಿಲ್ಲ ಎಂಬ ಭರವಸೆ ಎಲ್ಲ ಜಾಗದಲ್ಲೂ ಒಂದೇ ಆಗಿ ನಿಲ್ಲುವುದಿಲ್ಲ.

ಯಾವುದು ಪಳಗಿತು, ಯಾವುದು ಪಳಗಲಿಲ್ಲ

ಮರುದಿನ ಮಧ್ಯಾಹ್ನ ಅವರು ಮುಂಗೈಯ ಪಟ್ಟಿಯನ್ನು ತಿರುಗಿಸಿ ನೋಡುತ್ತಾ ಇದನ್ನು ಕಟ್ಟಿದವರು ಯಾರು ಎಂದು ನರ್ಸ್‌ರನ್ನು ಕೇಳಿದರು. ಏಳು ಹೊಲಿಗೆ ಹಾಕಿದ್ದು, ತಾನೇ ನಂಬರ್ ಹೇಳಿದ್ದು, ವೈದ್ಯೆಯ ಊಟ ವಿಚಾರಿಸಿದ್ದು ಯಾವುದೂ ನೆನಪಿರಲಿಲ್ಲ. ಮೆಟ್ಟಿಲಿನ ನಂತರ ಒಂದು ಖಾಲಿ ಜಾಗ, ಆಮೇಲೆ ಬೆಳಗಿನ ನಡುಕ.

ನನಗೆ ಈ ಪ್ರಕರಣದಲ್ಲಿ ಅತ್ಯಂತ ಮುಖ್ಯವೆನಿಸಿದ ಕ್ಷಣ ಇದು. ಕಾಲು, ನಾಲಿಗೆ, ನಡವಳಿಕೆ ಎಲ್ಲವೂ ಮದ್ಯಕ್ಕೆ ಪಳಗಿದ್ದವು. ಹೊಸ ನೆನಪನ್ನು ಮೂಡಿಸುವ ಭಾಗ ಪಳಗಿರಲಿಲ್ಲ. ಎದುರಿಗಿದ್ದವರಿಗೆ ಅದು ಕಾಣುವುದೂ ಸಾಧ್ಯವಿರಲಿಲ್ಲ, ಏಕೆಂದರೆ ಆ ಕ್ಷಣದಲ್ಲಿ ಅವರು ಸರಿಯಾಗಿಯೇ ಮಾತನಾಡುತ್ತಿದ್ದರು. ಇಂಥ ಖಾಲಿ ರಾತ್ರಿಗಳು ಹಿಂದೆಯೂ ಆಗಿವೆಯೇ ಎಂದು ಕೇಳಿದೆ. ತಿಂಗಳಿಗೆ ಮೂರ್ನಾಲ್ಕು ಎಂದರು. ನಿದ್ರೆ ಬಂದಿರಬೇಕು ಎಂದುಕೊಳ್ಳುತ್ತಿದ್ದರಂತೆ. ಹೆಂಡತಿ ತಲೆಯಲ್ಲಾಡಿಸಿದರು. ಆ ರಾತ್ರಿಗಳಲ್ಲಿ ಅವರು ಎದ್ದು ಕುಳಿತು ಮಗನ ಓದಿನ ಬಗ್ಗೆ ಮಾತನಾಡಿದ್ದರು.

ಯಕೃತ್ತೂ ಪಳಗಿರಲಿಲ್ಲ. ಜಿಜಿಟಿ ಎಂಬ ಕಿಣ್ವ ಸಹಜ ಮಿತಿಯ ಆರು ಪಟ್ಟು, ಕೆಂಪು ರಕ್ತಕಣಗಳು ಸಹಜಕ್ಕಿಂತ ದಪ್ಪ, ಸ್ಕ್ಯಾನಿಂಗ್‌ನಲ್ಲಿ ಯಕೃತ್ತಿನ ತುಂಬ ಕೊಬ್ಬು. ಮದ್ಯವನ್ನು ಬೇಗ ಒಡೆಯುವುದು ಯಕೃತ್ತಿಗೆ ಲಾಭವಲ್ಲ. ಒಡೆದಾಗ ಹುಟ್ಟುವ ಅಸಿಟಾಲ್ಡಿಹೈಡ್ ವಿಷವೇ. ಅಮಲು ಏರದ ಕಾರಣ ಅವರು ಹೆಚ್ಚು ಕುಡಿದರು, ಹೆಚ್ಚು ಕುಡಿದದ್ದಷ್ಟೂ ಯಕೃತ್ತಿನ ಮೂಲಕವೇ ಹಾದುಹೋಯಿತು. ಬೆಳಗಿನ ತಲೆನೋವಿಗೆ ಅವರು ನುಂಗುತ್ತಿದ್ದ ಪ್ಯಾರಸಿಟಮಾಲ್ ಕೂಡ ಚಿಂತೆಯ ವಿಷಯ. ದುಡಿಮೆಗೆ ಹಚ್ಚಿದ ಆ ಎರಡನೆಯ ಕಿಣ್ವ ವ್ಯವಸ್ಥೆಯೇ ಆ ಮಾತ್ರೆಯ ಒಂದು ಪಾಲನ್ನು ಯಕೃತ್ತಿಗೆ ವಿಷವಾಗುವ ವಸ್ತುವನ್ನಾಗಿ ಮಾಡುತ್ತದೆ.

ಚಿಕಿತ್ಸೆ

ಚಿಕಿತ್ಸೆಯ ವಿವರ ಚಿಕ್ಕದು. ಮೊದಲು ಥಯಾಮಿನ್, ಅಂದರೆ ಬಿ1 ಜೀವಸತ್ವದ ಇಂಜೆಕ್ಷನ್. ಅದು ಕಡಿಮೆಯಿರುವವರಿಗೆ ಅದಿಲ್ಲದೆ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಹಾನಿಯಾಗಬಹುದು. ಆಮೇಲೆ ಮದ್ಯ ಒತ್ತುತ್ತಿದ್ದ ಅದೇ ಬ್ರೇಕನ್ನು ಒತ್ತುವ ಡಯಾಜೆಪಾಮ್. ಒಂದೆರಡು ಗಂಟೆಗೊಮ್ಮೆ ನಡುಕ, ಬೆವರು, ಕಳವಳಗಳಿಗೆ ಅಂಕ ಹಾಕಿ, ಅಂಕಕ್ಕೆ ತಕ್ಕಷ್ಟು ಔಷಧ. ಮೊದಲ ದಿನ ಬೇಕಾದ ಪ್ರಮಾಣ ನೋಡಿ ಹೊಸ ನರ್ಸ್ ಒಬ್ಬರು ಚೀಟಿಯಲ್ಲಿ ಸೊನ್ನೆ ಹೆಚ್ಚಾಗಿದೆಯೇ ಎಂದು ವಿಚಾರಿಸಿದರು. ಹೆಚ್ಚಾಗಿರಲಿಲ್ಲ. ಮದ್ಯಕ್ಕೆ ಮಂದವಾದ ಗ್ರಾಹಕಗಳು ಈ ಔಷಧಕ್ಕೂ ಮಂದವೇ. ಎರಡನೆಯ ರಾತ್ರಿ ಗೋಡೆಯ ಮೇಲೆ ಇರುವೆ ಸಾಲು ಕಂಡಿತು ಎಂದರು, ಒಂದು ಗಂಟೆಯಲ್ಲಿ ಅದು ಹೋಯಿತು. ಒಂಬತ್ತನೆಯ ದಿನ ಔಷಧ ಪೂರ್ತಿ ನಿಲ್ಲಿಸಿ ಮನೆಗೆ ಕಳುಹಿಸಿದೆವು. ಸಹಿ ಮೊದಲಿನಂತಾಗಿತ್ತು.

ಐದು ತಿಂಗಳ ನಂತರ

ಎರಡನೆಯ ತಿರುವು ನಮ್ಮೆಲ್ಲರ ಲೆಕ್ಕ ತಪ್ಪಿಸಿತು. ಐದು ತಿಂಗಳು ಒಂದು ಹನಿಯೂ ಮುಟ್ಟದಿದ್ದವರು ಒಂದು ಸಂಜೆ ಎರಡು ಗಂಟೆಯಲ್ಲಿ ಸುಮಾರು 400 ಮಿಲಿ ಕುಡಿದರು. ಮೆಟ್ಟಿಲಿನಿಂದ ಬಿದ್ದ ರಾತ್ರಿಗಿಂತ ಕಡಿಮೆಯೇ ಎಂಬುದು ಅವರ ಅಂದಾಜು. ಮಗ ಕೋಣೆಗೆ ಹೋದಾಗ ಅಂಗಾತ ಬಿದ್ದಿದ್ದರು, ವಾಂತಿಯಾಗಿತ್ತು, ಅಲುಗಾಡಿಸಿದರೂ ಕಣ್ಣು ತೆರೆಯಲಿಲ್ಲ. ಮಗ ಪಕ್ಕಕ್ಕೆ ತಿರುಗಿಸಿ ಮಲಗಿಸಿದ. ಜೀವ ಉಳಿಸಿದ್ದು ಬಹುಶಃ ಅದೇ. ಆಸ್ಪತ್ರೆಯಲ್ಲಿ ರಕ್ತದ ಅಂಕಿ 226.

ಕಳೆದ ಬಾರಿ 238ರಲ್ಲಿ ಫೋನ್ ನಂಬರ್ ಹೇಳಿದ್ದ ಅದೇ ವ್ಯಕ್ತಿ 226ರಲ್ಲಿ ಚಿವುಟಿದರೂ ಏಳಲಿಲ್ಲ. ಗ್ರಾಹಕಗಳು ಐದು ತಿಂಗಳಲ್ಲಿ ಮೊದಲಿನ ಸ್ಥಿತಿಗೆ ಬಹುಮಟ್ಟಿಗೆ ಮರಳಿದ್ದವು. ಕೈ ಮಾತ್ರ ಹಳೆಯ ಅಳತೆಯಲ್ಲೇ ಸುರಿದಿತ್ತು. ಬಿಡುಗಡೆ ಮಾಡುವಾಗ ನಾವು ಕುಡಿಯಬೇಡಿ ಎಂದು ಹತ್ತು ಸಲ ಹೇಳಿದ್ದೆವು. ತಾಳಿಕೆ ಹೋಗಿದೆ, ಹಳೆಯ ಪ್ರಮಾಣ ಈಗ ಪ್ರಾಣಾಪಾಯದ್ದು ಎಂದು ಒಮ್ಮೆಯೂ ಹೇಳಿರಲಿಲ್ಲ. ಹೇಳಿದರೆ ಮತ್ತೆ ಕುಡಿಯಲು ಅನುಮತಿ ಕೊಟ್ಟಂತಾದೀತು ಎಂಬ ಅಳುಕು. ಈಗ ಪ್ರತಿಯೊಬ್ಬರಿಗೂ, ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೊದಲು ಇದನ್ನೇ ಹೇಳುತ್ತೇನೆ.

ಎಚ್ಚರವಾದ ಮೇಲೆ ಅವರಿಗಾದ ನಾಚಿಕೆಯ ಕಾರಣ ವಿಚಿತ್ರವಾಗಿತ್ತು. ಕುಡಿದದ್ದಕ್ಕಲ್ಲ, ಇಷ್ಟಕ್ಕೇ ಬಿದ್ದುಹೋದದ್ದಕ್ಕೆ. “ಮೈಯಲ್ಲಿ ಶಕ್ತಿಯೇ ಉಳಿದಿಲ್ಲ” ಎಂದರು. ಎರಡೂ ದಾಖಲೆಗಳನ್ನು ಪಕ್ಕಪಕ್ಕದಲ್ಲಿಟ್ಟೆ. 238ರ ಕೆಳಗೆ ಜಿಜಿಟಿ ಆರು ಪಟ್ಟು, 226ರ ಕೆಳಗೆ ಸಹಜ. ಯಕೃತ್ತಿನ ಕೊಬ್ಬು ಬಹುಪಾಲು ಕರಗಿತ್ತು. ಅಮಲು ಏರಿದ್ದು ಗುಣವಾದ ಮಿದುಳಿಗೆ. ಒಂದೊಮ್ಮೆ ಬಿಡದೆ ಇನ್ನಷ್ಟು ವರ್ಷ ಕುಡಿದು ಯಕೃತ್ತು ಕೈಕೊಟ್ಟಿದ್ದರೆ ಆಗಲೂ ಸ್ವಲ್ಪಕ್ಕೇ ಏರಲು ತೊಡಗುತ್ತಿತ್ತು. ಆ ಇಳಿಕೆ ಮಾತ್ರ ಗುಣವಾದದ್ದರ ಗುರುತಲ್ಲ, ಮದ್ಯವನ್ನು ಒಡೆಯುವ ಅಂಗವೇ ಸೋತದ್ದರ ಗುರುತು. ಆ ಬಾರಿಯಿಂದ ಕುಡಿಯುವ ಹಂಬಲವನ್ನು ತಗ್ಗಿಸುವ ನಾಲ್ಟ್ರೆಕ್ಸೋನ್ ಮಾತ್ರೆ ಆರಂಭಿಸಿದೆವು. ಇದನ್ನು ಬರೆಯುವ ಹೊತ್ತಿಗೆ ಅವರು ಕುಡಿಯದೆ ಹದಿನಾಲ್ಕು ತಿಂಗಳಾಗಿದೆ.

ಕಳೆದ ಭೇಟಿಗೆ ಮಗನೂ ಬಂದಿದ್ದ. ತಂದೆ ಔಷಧದ ಚೀಟಿ ಹಿಡಿದು ಹೊರಗೆ ಹೋದ ಮೇಲೆ ಕುರ್ಚಿ ಬಿಟ್ಟು ಏಳಲಿಲ್ಲ. ತಾನು ಗೆಳೆಯರೊಡನೆ ತಿಂಗಳಿಗೊಮ್ಮೆ ಕುಡಿಯುತ್ತೇನೆ, ಅವರಿಗೆ ಎರಡಕ್ಕೇ ಸಾಕಾಗುತ್ತದೆ, ತನಗೆ ಐದಾದರೂ ಏನೂ ಅನಿಸುವುದಿಲ್ಲ, ಆಮೇಲೆ ಅವರನ್ನೆಲ್ಲ ಮನೆಗೆ ಬಿಡುವವನು ತಾನೇ ಎಂದ. ಹುಟ್ಟಿನಿಂದಲೇ ಮದ್ಯಕ್ಕೆ ಕಡಿಮೆ ಸ್ಪಂದಿಸುವವರಿದ್ದಾರೆ. ಅದು ವಂಶದಲ್ಲಿ ಹರಿದು ಬರುತ್ತದೆ, ಅಂಥವರಲ್ಲೇ ಮುಂದೆ ಈ ಕಾಯಿಲೆ ಹೆಚ್ಚು. ಸಾಕು ಎಂದು ದೇಹ ಹೇಳುವ ಮಾತು ಅವರಿಗೆ ಕೇಳಿಸುವುದೇ ತಡವಾಗಿ.

“ತಾತನೂ ಹಾಗೇ ಇದ್ದರಂತೆ, ಅಲ್ಲವೇ ಡಾಕ್ಟರೇ?” ಎಂದ.

ಹೌದು ಎಂದೆ. ಹೊಸ ಹಾಳೆ ತೆಗೆದು ಅವನ ವಯಸ್ಸು ಬರೆದುಕೊಂಡೆ, ಇಪ್ಪತ್ತಮೂರು. ಅದರ ಕೆಳಗೆ, ಮೊದಲ ಅಮಲು ಗೊತ್ತಾಗಲು ಎಷ್ಟು ಬೇಕು ಎಂದು ಬರೆದು ಪೆನ್ನನ್ನು ಅವನ ಕೈಗೆ ಕೊಟ್ಟೆ.